ಬೈಗುಳವಿಲ್ಲ, ಬರೀ ಎಮೋಜಿ: ಇದು ಗೇಲಿಯೇ? ಅನುಭವ ಇದ್ದವರು ಹೇಳಿ

ಹೊಸಚಿಗುರು: ಮಗ ಏಳನೆಯ ತರಗತಿ. ತರಗತಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅವನು ಏನೇ ಬರೆದರೂ ಮೂರ್ನಾಲ್ಕು ಮಕ್ಕಳು ⏳ ಹಾಕುತ್ತಾರೆ. ಒಂದೇ ಒಂದು ಕೆಟ್ಟ ಮಾತಿಲ್ಲ. ಅವನಿಗೆ ಮಾತಿನಲ್ಲಿ ಸ್ವಲ್ಪ ತೊದಲಿದೆ. ಕೇಳಿದರೆ "ಏನೂ ಇಲ್ಲಮ್ಮ" ಎಂದು ಎದ್ದು ಹೋಗುತ್ತಾನೆ. ಇದು ಗೇಲಿಯೋ, ನನ್ನ ಅತಿಯಾದ ಅನುಮಾನವೋ? ಶಾಲೆಗೆ ಹೋಗುವ ಮುನ್ನ ಏನು ಮಾಡಿದಿರಿ, ತಿಳಿಸಿ.

ಎಚ್ಚರಿಕೆಗಂಟೆ: ಮೊದಲು ಎಮೋಜಿಗಳ ಗುಪ್ತ ಅರ್ಥ ಕಲಿಯಿರಿ. ನಾನು ಒಂದು ಪಟ್ಟಿಯನ್ನೇ ಮಾಡಿ ಫ್ರಿಜ್ ಮೇಲೆ ಅಂಟಿಸಿದ್ದೇನೆ. 🤡 ಎಂದರೆ ನೀನು ಕೋಡಂಗಿ, 🐍 ಎಂದರೆ ಬೆನ್ನಿಗೆ ಚೂರಿ ಹಾಕುವವನು, 🧢 ಎಂದರೆ ಸುಳ್ಳುಗಾರ, 💀 ಎಂದರೆ ಸಾಯಿ. ಮಗಳ ಗ್ರೂಪಿನಲ್ಲಿ ಇವುಗಳಲ್ಲಿ ಒಂದು ಕಂಡರೂ ಕೂಡಲೇ ಶಾಲೆಗೆ ಫೋನ್ ಮಾಡುತ್ತೇನೆ. ನಮ್ಮ ತರಗತಿಯ ಪೋಷಕರೆಲ್ಲರಿಗೂ ಆ ಪಟ್ಟಿ ಕಳುಹಿಸಿದ್ದೇನೆ.

ಮೂಲೆಮನೆ: ನಿಮ್ಮಂಥವರ ಪಟ್ಟಿಯಿಂದಲೇ ನನ್ನ ಮಗ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಓಟದ ಸ್ಪರ್ಧೆಯಲ್ಲಿ ಗೆಳೆಯ ಮುಗ್ಗರಿಸಿ ಬಿದ್ದ ವಿಡಿಯೊವನ್ನು ಆ ಗೆಳೆಯನೇ ಗ್ರೂಪಿಗೆ ಹಾಕಿದ್ದ. ನನ್ನ ಮಗ ಅದಕ್ಕೆ 💀 ಹಾಕಿದ. ಈಗಿನ ಮಕ್ಕಳಿಗೆ ಅದು "ನಕ್ಕು ನಕ್ಕು ಸತ್ತೆ" ಎಂಬ ಅರ್ಥ, ಅಷ್ಟೇ. ಬಿದ್ದವನೇ ಅದರ ಕೆಳಗೆ ಮೂರು 💀 ಹಾಕಿ ನಕ್ಕಿದ್ದ. ಆದರೆ ಬೇರೆ ಯಾರದೋ ತಾಯಿ ಪಟ್ಟಿ ಹಿಡಿದುಕೊಂಡು ಶಾಲೆಗೆ ಹೋಗಿ "ಕೊಲೆ ಬೆದರಿಕೆ" ಎಂದರು. ನಮ್ಮನ್ನು ಕರೆಸಿದರು, ಮಗನಿಂದ ಕ್ಷಮಾಪಣೆ ಪತ್ರ ಬರೆಸಿದರು, ತರಗತಿ ಪ್ರತಿನಿಧಿಯ ಸ್ಥಾನದಿಂದ ತೆಗೆದರು. ನಾನು ಅರ್ಧ ದಿನ ರಜೆ ಹಾಕಿ ಮುಖ್ಯ ಶಿಕ್ಷಕರ ಕೋಣೆಯ ಹೊರಗೆ ಕುಳಿತೆ. ಬಿದ್ದ ಹುಡುಗನನ್ನೇ ಕರೆದು ಕೇಳಿ ಎಂದು ಗೋಗರೆದರೂ ಯಾರೂ ಕೇಳಲಿಲ್ಲ. ಪತ್ರ ಇನ್ನೂ ಅವರ ಕಡತದಲ್ಲಿದೆ. ಹರಿದು ಕೊಡಿ ಎಂದರೆ "ನಿಯಮವಿಲ್ಲ" ಎನ್ನುತ್ತಾರೆ.

ಎಚ್ಚರಿಕೆಗಂಟೆ: ಒಂದು ತಪ್ಪು ಗುರಿ ಆಯಿತೆಂದು ಪಟ್ಟಿಯೇ ಬೇಡ ಎನ್ನುವುದೇ? ನಿಮ್ಮ ಮಗ ನಿರಪರಾಧಿ ಎಂದು ನೀವು ಹೇಳುತ್ತಿದ್ದೀರಿ, ಅಷ್ಟೇ ತಾನೇ.

ಮೂಲೆಮನೆ: ಬಿದ್ದವನೇ ಹೇಳಿದ್ದು. ಓದಿ, ಆಮೇಲೆ ಬರೆಯಿರಿ.

ಕಪ್ಪುಹಲಗೆ: ಇಬ್ಬರೂ ಸ್ವಲ್ಪ ತಾಳಿ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಪಟ್ಟಿ ಕೆಲಸಕ್ಕೆ ಬಾರದು ಎಂದು ನನ್ನ ತರಗತಿಯೇ ನನಗೆ ತೋರಿಸಿತು. ಒಬ್ಬ ಹುಡುಗಿ, ಚುರುಕಾದವಳು, ಗ್ರೂಪಿನಲ್ಲಿ ಮನೆಗೆಲಸದ ದಿನಾಂಕ ತಪ್ಪಿದ್ದರೆ ತಿದ್ದುತ್ತಿದ್ದಳು. ಅವಳ ಪ್ರತಿ ಮಾತಿಗೂ 🤓 ಬೀಳುತ್ತಿತ್ತು, ಕೆಲವೊಮ್ಮೆ ಪಕ್ಕದಲ್ಲಿ ಮೇಲೆತ್ತಿದ ಬೆರಳು ☝️. ಇದು "ಬಂದಳು ಮೇಧಾವಿ" ಎಂಬ ಅಣಕ. ಇದನ್ನು ಮಾತ್ರ ಯಾವ ಪಟ್ಟಿಯಾದರೂ ಹಿಡಿಯುತ್ತಿತ್ತು. ನಾನು ತರಗತಿಯಲ್ಲಿ ಎದ್ದು ನಿಂತು "ಇನ್ನು ಮುಂದೆ ಆ ಮುಖ ಕಂಡರೆ ನೋಡಿ" ಎಂದೆ. ಮರುದಿನದಿಂದ ಆ ಮುಖ ಮಾಯ. ಬದಲಿಗೆ 📐 ಬಂತು. ಏಕೆ ಎಂದರೆ ಅವಳ ಜ್ಯಾಮಿಟ್ರಿ ಪೆಟ್ಟಿಗೆ ಎಲ್ಲರಿಗಿಂತ ದೊಡ್ಡದು! ಅದೂ ಸಿಕ್ಕಿಬಿದ್ದ ಮೇಲೆ ಬರಿಯ 👍. ಹೆಬ್ಬೆಟ್ಟನ್ನು ನಾನು ಹೇಗೆ ನಿಷೇಧಿಸಲಿ? ಚಿಹ್ನೆಯನ್ನು ಬೇಟೆಯಾಡಿದಷ್ಟೂ ಅವರು ಅದನ್ನು ಬದಲಿಸುತ್ತಾರೆ. ಬದಲಾಗದೆ ಉಳಿದದ್ದು ಒಂದೇ: ಅವಳು ಬರೆದ ಕೂಡಲೇ, ಅದೇ ಮೂವರು, ಅದೇ ಒಂದೆರಡು ನಿಮಿಷದೊಳಗೆ, ಬೇರೆ ಯಾರಿಗೂ ಹಾಕದ ಒಂದು ಗುರುತು.

ಆ ಮೇಲೆ ನಾನು ಕಲಿತ ಕ್ರಮ ಹೇಳುತ್ತೇನೆ. ಒಂದು ಹಾಳೆಯಲ್ಲಿ ಎರಡು ಕಂಬ. ಒಂದರಲ್ಲಿ ಆ ಮಗು ಬರೆದ ಸಂದೇಶಗಳು, ಇನ್ನೊಂದರಲ್ಲಿ ಅದೇ ದಿನ ಬೇರೊಂದು ಮಗು ಬರೆದ ಅದೇ ಬಗೆಯ ಸಂದೇಶ. "ನಾಳೆ ಪರೀಕ್ಷೆ ಇದೆಯೇ?" ಎಂದು ಇಬ್ಬರೂ ಕೇಳಿದರೆ ಒಬ್ಬರಿಗೆ ಉತ್ತರ, ಇನ್ನೊಬ್ಬರಿಗೆ ಚಿಹ್ನೆ. ಪದೇ ಪದೇ ಹೀಗಾದರೆ ಪಟ್ಟಿಯ ಅಗತ್ಯವೇ ಇಲ್ಲ. ಆ ಚಿಹ್ನೆಯ ಅರ್ಥ ನಿಮಗೆ ತಿಳಿಯದಿದ್ದರೂ ಪರವಾಗಿಲ್ಲ.

ಸಾಲುದೀಪ: ಟೀಚರ್, ಹಾಳೆ ಬರೆಯಲು ಕುಳಿತಾಗ ಏನಾಗುತ್ತದೆ ಎಂದು ನನ್ನನ್ನು ಕೇಳಿ. ನನ್ನ ಮಗಳ ಗ್ರೂಪಿನಲ್ಲಿ ಯಾರೂ ಬರೆದು ಅಣಕಿಸುತ್ತಿರಲಿಲ್ಲ. ಎಲ್ಲವೂ ಸಂದೇಶದ ಮೇಲೆ ಒತ್ತಿ ಹಿಡಿದು ಅಂಟಿಸುವ ಪ್ರತಿಕ್ರಿಯೆಗಳು. ಶಾಲೆಗೆ ಸಾಕ್ಷಿ ಬೇಕೆಂದು ಇಡೀ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಮುದ್ರಿಸಿಕೊಂಡು ಹೋದೆ. ಅಚ್ಚಾದ ಕಟ್ಟು ಅಂಗೈ ದಪ್ಪ. ಅದರಲ್ಲಿ ಒಂದೇ ಒಂದು ಪ್ರತಿಕ್ರಿಯೆ ಇರಲಿಲ್ಲ! ಆ ಕಡತದಲ್ಲಿ ಸಂದೇಶಗಳಷ್ಟೇ ಬರುತ್ತವೆ. ಅವುಗಳ ಮೇಲೆ ಅಂಟಿದ ಎಮೋಜಿ ಬರುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಫೋಟೊ, ವಿಡಿಯೊ ಬೇಡ ಎಂದು ಒತ್ತಿದ್ದರಿಂದ ಅವಳ ಫೋಟೊ ಕತ್ತರಿಸಿ ಮಾಡಿದ ಸ್ಟಿಕ್ಕರ್‌ಗಳೂ ಹೋದವು. ಉಪ ಮುಖ್ಯ ಶಿಕ್ಷಕರು ಪುಟ ತಿರುವುತ್ತ "ಮಕ್ಕಳು ಚೆನ್ನಾಗಿಯೇ ಮಾತನಾಡುತ್ತಿದ್ದಾರಲ್ಲ" ಎಂದರು. ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮನೆಗೆ ಬಂದು ಮತ್ತೆ ತೆಗೆದೆ. ಪ್ರತಿಕ್ರಿಯೆಯನ್ನು ಒಮ್ಮೆ ಮುಟ್ಟಿದರೆ ಯಾರು ಯಾರು ಹಾಕಿದ್ದಾರೆ ಎಂಬ ಹೆಸರುಗಳ ಪಟ್ಟಿ ತೆರೆಯುತ್ತದೆ. ಆ ಪಟ್ಟಿ ತೆರೆದಿರುವಾಗಲೇ ಸ್ಕ್ರೀನ್‌ಶಾಟ್ ತೆಗೆಯಬೇಕು. ಮೇಲೆ ಸಂದೇಶದ ದಿನಾಂಕ, ಸಮಯ ಕಾಣುವ ಇನ್ನೊಂದು ಚಿತ್ರವೂ ಬೇಕು. ಇಲ್ಲದಿದ್ದರೆ "ಯಾವಾಗಿನದು" ಎಂದು ಕೇಳುತ್ತಾರೆ. ಅಷ್ಟರಲ್ಲಿ ಸುದ್ದಿ ಹೇಗೋ ಸೋರಿತು, ಒಂದೇ ಸಂಜೆಯಲ್ಲಿ ಹಳೆಯ ಪ್ರತಿಕ್ರಿಯೆಗಳೆಲ್ಲ ಮಾಯ. ಅಳಿಸಿದ ಸಂದೇಶಕ್ಕೆ "ಈ ಸಂದೇಶವನ್ನು ಅಳಿಸಲಾಗಿದೆ" ಎಂಬ ಗುರುತಾದರೂ ಉಳಿಯುತ್ತದೆ. ತೆಗೆದ ಪ್ರತಿಕ್ರಿಯೆಗೆ ಆ ಗುರುತೂ ಇಲ್ಲ. ಆದ್ದರಿಂದ ಹೊಸಚಿಗುರು, ಇಂದು ರಾತ್ರಿಯೇ ಚಿತ್ರ ತೆಗೆದಿಡಿ. ಯಾರಿಗೂ ಹೇಳಬೇಡಿ, ಗ್ರೂಪಿನಲ್ಲಿ ಒಂದಕ್ಷರ ಬರೆಯಬೇಡಿ.

ನಡುಗಂಬ: ಇಷ್ಟೆಲ್ಲ ಪತ್ತೇದಾರಿ ಏಕೆ? ನಾನು ಮೊಬೈಲ್ ತೆಗೆದುಕೊಂಡೆ, ವಿಷಯ ಮುಗಿಯಿತು. ವಾಟ್ಸ್ಆ್ಯಪ್ ಬಳಸಲು ಹದಿಮೂರು ತುಂಬಿರಬೇಕು ಎಂದು ಅವರದೇ ನಿಯಮವಿದೆ. ಏಳನೆಯ ತರಗತಿಯ ಎಷ್ಟು ಮಕ್ಕಳಿಗೆ ಅಷ್ಟು ವಯಸ್ಸು? ನಿಯಮ ಮುರಿದು ಆಮೇಲೆ ಅಳುವುದು. ನನ್ನ ಮಗಳು ಎರಡು ತಿಂಗಳು ಮುಖ ಊದಿಸಿಕೊಂಡಿದ್ದಳು, ಈಗ ಹಾಯಾಗಿದ್ದಾಳೆ.

ಸಾಲುದೀಪ: ಹಾಯಾಗಿದ್ದಾಳೋ, ಹೇಳುವುದನ್ನು ನಿಲ್ಲಿಸಿದ್ದಾಳೋ? ನಾನೂ ಮೊದಲು ಅದನ್ನೇ ಮಾಡುವವಳಿದ್ದೆ. ನನ್ನ ತಂಗಿಯ ಮನೆಯಲ್ಲಿ ಹಾಗೆ ಮಾಡಿದರು. ಹುಡುಗಿ ಇಲ್ಲದ ಗ್ರೂಪಿನಲ್ಲಿ ಅವಳ ಬಗ್ಗೆಯೇ ಮಾತು ಮುಂದುವರಿಯಿತು. ಮರುದಿನ ತರಗತಿಗೆ ಹೋದಾಗ ಎಲ್ಲರೂ ನಗುತ್ತಿದ್ದರು, ಇವಳಿಗೆ ಏನೆಂದೇ ತಿಳಿಯದು. ಪೆಟ್ಟು ತಿಂದವಳಿಗೇ ಶಿಕ್ಷೆ ಎಂದು ಅವಳಿಗೆ ಅನ್ನಿಸಿತು.

ನಡುಗಂಬ: ನನ್ನ ಮಗಳ ಬಗ್ಗೆ ನಿಮಗೇನು ಗೊತ್ತು? ನಿಮ್ಮ ಮನೆ ನೀವು ನೋಡಿಕೊಳ್ಳಿ.

ಹಳೆಛತ್ರಿ: ಇದೇ ಸಮಸ್ಯೆ ನನಗೂ ಇದೆ. ಪೋಷಕರ ಗ್ರೂಪಿನಲ್ಲಿ ನಾನು ಏನೇ ಸಲಹೆ ಹಾಕಿದರೂ ಕಾರ್ಯದರ್ಶಿ ಒಬ್ಬರೇ 🙏 ಹಾಕಿ ಸುಮ್ಮನಾಗುತ್ತಾರೆ. ಶೌಚಾಲಯದ ನಲ್ಲಿಯ ಬಗ್ಗೆ ಬರೆದೆ, 🙏. ಬಸ್ ತಡವಾಗುವ ಬಗ್ಗೆ ಬರೆದೆ, 🙏. ಇದು ಗೌರವವೋ, ಬಾಯಿ ಮುಚ್ಚು ಎಂಬ ಸೂಚನೆಯೋ?

ಮೂಲೆಮನೆ: ಹಿರಿಯರೇ, ಎರಡೂ ಇರಬಹುದು. ಆದರೆ ಇಲ್ಲಿ ಮಕ್ಕಳ ವಿಷಯ ನಡೆಯುತ್ತಿದೆ.

ಹಳೆಛತ್ರಿ: ದೊಡ್ಡವರೇ ಹೀಗಾದರೆ ಮಕ್ಕಳು ಎಲ್ಲಿ ಕಲಿತರು ಎಂದು ಕೇಳಿದೆ. ನಲ್ಲಿ ಇನ್ನೂ ಸೋರುತ್ತಿದೆ.

ಕಿವಿಮಾತು: ಶಾಲೆಯಲ್ಲಿ ಆಪ್ತ ಸಮಾಲೋಚಕಿ. ಬೆದರಿಸುವಿಕೆ ಎನ್ನಲು ಅದು ಮರುಕಳಿಸಬೇಕು, ಮಾಡುವವರ ಕೈ ಮೇಲಾಗಿರಬೇಕು, ನೋಯಿಸುವ ಉದ್ದೇಶ ಇರಬೇಕು ಎಂದು ನಾರ್ವೆಯ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಕಾಲದಿಂದ ಹೇಳುತ್ತ ಬಂದಿದ್ದಾರೆ. ಗ್ರೂಪಿನಲ್ಲಿ ಈ ಮೊದಲನೆಯದೇ ಜಾರುತ್ತದೆ. ಒಂದೇ ಸ್ಟಿಕ್ಕರ್ ಒಂದೇ ಸಲ ಹಾಕಿದರೂ ಇಡೀ ತರಗತಿ ನೋಡುತ್ತದೆ, ಮತ್ತೆ ಮತ್ತೆ ತೆರೆದು ನೋಡುತ್ತದೆ. ಹಾಗಾಗಿ ನಾನು ಎಷ್ಟು ಸಲ ಎಂದು ಎಣಿಸುವುದಕ್ಕಿಂತ, ಆ ಮಗು ಅದಕ್ಕೆ ತಿರುಗಿ ಏನಾದರೂ ಹಾಕಬಲ್ಲದೇ ಎಂದು ನೋಡುತ್ತೇನೆ. ಮೂಲೆಮನೆಯವರ ಮಗನ ಗೆಳೆಯ ಮೂರು 💀 ತಿರುಗಿಸಿ ಹಾಕಿದ. ಅದು ಸಮಾನರ ತಮಾಷೆ. ಕಪ್ಪುಹಲಗೆಯವರ ಹುಡುಗಿ ಉತ್ತರವಾಗಿ ಏನಾದರೂ ಹಾಕುತ್ತಿದ್ದಳೇ?

ಕಪ್ಪುಹಲಗೆ: ಇಲ್ಲ. ಬರೆಯುವುದನ್ನೇ ಕಡಿಮೆ ಮಾಡಿದಳು. ಕೊನೆಕೊನೆಗೆ ಬರೆದು ಅಳಿಸುತ್ತಿದ್ದಳು. ಗ್ರೂಪಿನಲ್ಲಿ ಅಳಿಸಿದ ಸಂದೇಶದ ಗುರುತುಗಳೇ ಸಾಲಾಗಿದ್ದವು.

ಕಿವಿಮಾತು: ಅದೇ ನಾನು ಹುಡುಕುವುದು. ಇನ್ನು ಶಿಕ್ಷಕರಿಗೆ: ತರಗತಿಯ ಮುಂದೆ ಚಿಹ್ನೆಯನ್ನು ಹೆಸರಿಸಬೇಡಿ. ಹೆಸರಿಸಿದ ಕೂಡಲೇ, ಅರ್ಥ ಗೊತ್ತಿಲ್ಲದ ಉಳಿದ ಮಕ್ಕಳಿಗೂ ಅದು ಗೊತ್ತಾಗುತ್ತದೆ. ಹಾಕಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ, ಒಂದೇ ಅವಧಿಯಲ್ಲಿ, ನಡುವೆ ಮಾತನಾಡಿಕೊಳ್ಳಲು ಸಮಯ ಸಿಗದಂತೆ ಕರೆಯಿರಿ. "ಇದರ ಅರ್ಥವೇನು" ಎಂದು ಕೇಳಿದರೆ "ಸುಮ್ಮನೆ" ಎಂಬ ಉತ್ತರ ಸಿದ್ಧವಿರುತ್ತದೆ. "ಇದನ್ನು ನೀನು ಯಾರ ಯಾರಿಗೆ ಹಾಕುತ್ತೀಯ" ಎಂದು ಕೇಳಿ. ಆರಂಭಿಸಿದವನು ಒಬ್ಬನಿರುತ್ತಾನೆ, ಉಳಿದವರು ತಮಗೆ ಬೀಳಬಾರದೆಂದು ಸೇರಿದವರು. ಎರಡು ಬಗೆಯವರಿಗೆ ಒಂದೇ ಶಿಕ್ಷೆ ಕೊಟ್ಟರೆ ಅವರೆಲ್ಲ ಒಂದಾಗುತ್ತಾರೆ.

ಎಚ್ಚರಿಕೆಗಂಟೆ: ಅಂದರೆ ಶಿಕ್ಷೆಯೇ ಬೇಡ, ಸಮಾಲೋಚನೆ ಮಾಡುತ್ತ ಕೂರಬೇಕು. ಇದಕ್ಕೇ ಮಕ್ಕಳು ಹೆದರುವುದಿಲ್ಲ.

ಕಿವಿಮಾತು: ಒಂದೇ ಶಿಕ್ಷೆ ಬೇಡ ಎಂದೆ. ಶಿಕ್ಷೆ ಬೇಡ ಎಂದು ಎಲ್ಲಿ ಬರೆದಿದ್ದೇನೆ?

ಹೊಸಚಿಗುರು: ಎಲ್ಲರಿಗೂ ಧನ್ಯವಾದ. ಸಾಲುದೀಪ ಅವರು ಹೇಳಿದಂತೆ ರಾತ್ರಿಯೇ ಚಿತ್ರ ತೆಗೆದಿಟ್ಟೆ. ಕಪ್ಪುಹಲಗೆ ಟೀಚರ್ ಹೇಳಿದ ಎರಡು ಕಂಬ ಬರೆದೆ. ಈಗ ಇನ್ನಷ್ಟು ಗೊಂದಲ. ⏳ ನನ್ನ ಮಗನಿಗೆ ಮಾತ್ರವಲ್ಲ, ದಿನಾ ತಡವಾಗಿ ಬರುವ ಇನ್ನೊಬ್ಬ ಹುಡುಗನಿಗೂ ಬಿದ್ದಿದೆ. ಅವನು ಅದಕ್ಕೆ 😂 ಹಾಕಿ ನಕ್ಕಿದ್ದಾನೆ. ನನ್ನ ಮಗ ಒಮ್ಮೆಯೂ ಏನೂ ಹಾಕಿಲ್ಲ. ತಡವಾಗಿ ಬರುವವನಿಗೆ ಅದು ಮೊದಲು ಬಿದ್ದದ್ದು, ನನ್ನ ಮಗನಿಗೆ ಆಮೇಲೆ.

ಮೂಲೆಮನೆ: ಹಾಗಾದರೆ ಅವಸರ ಬೇಡ. ಹಳೆಯ ತಮಾಷೆ ಇವನಿಗೂ ಅಂಟಿಕೊಂಡಿರಬಹುದು. ನನ್ನ ಮಗನ ಕಥೆ ನೆನಪಿರಲಿ.

ಸಾಲುದೀಪ: ಅಂಟಿಕೊಂಡದ್ದೋ, ಅಂಟಿಸಿದ್ದೋ? ತೊದಲುವವನಿಗೆ ಮರಳು ಗಡಿಯಾರ ಹಾಕುವುದು ಕಾಕತಾಳೀಯ ಎನ್ನುವವರು ಒಮ್ಮೆ ಆ ಮಗುವಿನ ಜಾಗದಲ್ಲಿ ಕುಳಿತು ಓದಲಿ.

ಕಪ್ಪುಹಲಗೆ: ಹೊಸಚಿಗುರು, ನಿಮ್ಮ ಮಗನಿಗೆ ಮೊದಲ ⏳ ಬಿದ್ದ ದಿನಾಂಕ ನೋಡಿ. ಆ ದಿನ ಅಥವಾ ಹಿಂದಿನ ದಿನ ತರಗತಿಯಲ್ಲಿ ಅವನು ಗಟ್ಟಿಯಾಗಿ ಪಾಠ ಓದಿದ್ದನೇ, ಸೆಮಿನಾರ್ ಕೊಟ್ಟಿದ್ದನೇ ಎಂದು ಭಾಷಾ ಶಿಕ್ಷಕರನ್ನು ವಿಚಾರಿಸಿ. ಹೌದಾದರೆ ಆ ಚಿತ್ರಗಳೊಂದಿಗೆ ಅವರನ್ನೇ ಮೊದಲು ನೋಡಿ, ಮುಖ್ಯ ಶಿಕ್ಷಕರ ಬಳಿಗೆ ಆಮೇಲೆ ಹೋಗಬಹುದು. ಗ್ರೂಪಿನ ಅಡ್ಮಿನ್ ಯಾರು, ಮಗುವೋ ಶಿಕ್ಷಕರೋ?

ಹೊಸಚಿಗುರು: ಅಡ್ಮಿನ್ ಒಬ್ಬ ಹುಡುಗ. ⏳ ಹಾಕುವ ಮೂವರಲ್ಲಿ ಅವನೂ ಒಬ್ಬ. ದಿನಾಂಕ ಈಗ ನೋಡುತ್ತೇನೆ.

ನಡುಗಂಬ: ಮಗುವನ್ನೇ ಅಡ್ಮಿನ್ ಮಾಡಿದ ಗ್ರೂಪಿನಲ್ಲಿ ಇನ್ನೇನು ನಿರೀಕ್ಷಿಸುತ್ತೀರಿ?