ಅಜ್ಜಿ ಪೆಟ್ಟಿಗೆಯ ಕವರು, ಮೂರು ದೇಶದ ಸ್ಟ್ಯಾಂಪು

"ಮಾವ, ಅಜ್ಜಿ ಪೆಟ್ಟಿಗೆಯಲ್ಲಿ ಈ ಕವರು ಸಿಕ್ಕಿತು. ಸ್ಟ್ಯಾಂಪಿನ ಮೇಲೆ ಕೀನ್ಯಾ, ಉಗಾಂಡಾ, ಟಾಂಗನಿಕಾ ಅಂತ ಮೂರೂ ಹೆಸರಿದೆ. ರಾಣಿಯ ತಲೆ, ಒಂದು ಅಣೆಕಟ್ಟು ಇದೆ. ಗೂಗಲ್ ಮಾಡಿದರೆ ಅಣೆಕಟ್ಟು ಉಗಾಂಡದ್ದಂತೆ. ಹಾಗಾದರೆ ದೊಡ್ಡಜ್ಜ ಉಗಾಂಡದಲ್ಲಿದ್ದರಾ?"

ಫೋಟೋ ನೋಡಿದೆ ಮಗಾ, ಆದರೆ ಉಗಾಂಡ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಕೇಳು.

ಮೊದಲು ಸ್ಟ್ಯಾಂಪನ್ನು ನಂಬಬೇಡ. ಟಾಂಗನಿಕಾ ಅಂದರೆ ಈಗಿನ ಟಾಂಜಾನಿಯಾದ ಮುಖ್ಯಭೂಮಿ. ಆಗ ಆ ಮೂರು ಕಡೆಗೂ ಒಂದೇ ಅಂಚೆ ಇಲಾಖೆ ಇತ್ತು. 1935ರಿಂದ ಮೂರೂ ಹೆಸರು ಹಾಕಿದ ಒಂದೇ ಸ್ಟ್ಯಾಂಪನ್ನು ಎಲ್ಲಾ ಕಡೆ ಮಾರುತ್ತಿದ್ದರು. ಆ ಅಣೆಕಟ್ಟು ಓವನ್ ಫಾಲ್ಸ್, ಉಗಾಂಡದ ಜಿಂಜಾದಲ್ಲಿ ನೈಲ್ ನದಿಗೆ ಕಟ್ಟಿದ್ದು, ಅದು ಸರಿ. ಆದರೆ ನೈರೋಬಿಯವನೂ ಅದೇ ಸ್ಟ್ಯಾಂಪು ಅಂಟಿಸುತ್ತಿದ್ದ. ಹಾಗಾಗಿ ದೇಶ ಹೇಳುವುದು ಆ ದುಂಡನೆಯ ಸೀಲು ಮಾತ್ರ.

ಸೀಲನ್ನು ನೆಟ್ಟಗೆ ಹಿಡಿದುಕೋ. ಹೊಡೆದವನು ಓರೆಯಾಗಿ ಹೊಡೆದಿದ್ದಾನೆ, ಆದ್ದರಿಂದ ನಡುವಿನ ತಾರೀಖಿನ ಸಾಲು ಸಮ ಆಗುವವರೆಗೆ ಫೋಟೋ ತಿರುಗಿಸು. ಈಗ ಅದನ್ನು ಗಡಿಯಾರ ಅಂದುಕೋ. ಈ ಥರದ ಸೀಲಿನಲ್ಲಿ ಹನ್ನೆರಡು ಗಂಟೆಯ ಕಡೆ ಊರು, ಆರು ಗಂಟೆಯ ಕಡೆ ದೇಶ. ಸ್ಟ್ಯಾಂಪಿನ ಗಾಢ ಬಣ್ಣದ ಮೇಲೆ ಬಿದ್ದ ಅರ್ಧ ಕಾಣುವುದೇ ಇಲ್ಲ, ಬಿಟ್ಟುಬಿಡು. ಬಿಳಿ ಕಾಗದದ ಮೇಲೆ ಬಿದ್ದದ್ದನ್ನು ಓದು.

ಕೆಳಗಡೆ ನನಗೆ ಚೆನ್ನಾಗಿ ಕಂಡದ್ದು ಜಿ, ಎ, ಎನ್. ಅದನ್ನು ನೋಡಿದರೂ ನಿನಗೆ ಉಗಾಂಡ ಅಂತಲೇ ಅನ್ನಿಸಬಹುದು, ಅಲ್ವಾ? ಮೋಸ ಇರುವುದು ಇಲ್ಲೇ. ಉಗಾಂಡದಲ್ಲೂ ಜಿ ಎ ಎನ್ ಇದೆ, ಟಾಂಗನಿಕಾದಲ್ಲೂ ಇದೆ. ಸಾಲದ್ದಕ್ಕೆ ಎರಡರಲ್ಲೂ ಅದು ಹೆಸರಿನ ನಟ್ಟನಡುವೆ! ಇಂಗ್ಲಿಷಿನಲ್ಲಿ ಉಗಾಂಡ ಆರು ಅಕ್ಷರ, ಟಾಂಗನಿಕಾ ಹತ್ತು. ಎರಡನ್ನೂ ಅರ್ಧಕ್ಕೆ ಮಡಚಿದರೆ ಮಡಿಕೆ ಬೀಳುವುದು ಎ ಮತ್ತು ಎನ್ ಮಧ್ಯೆಯೇ. ಹಾಗಾಗಿ ಆರು ಗಂಟೆಯ ಜಾಗದಲ್ಲಿ ಏನಿದೆ ಅಂತ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಆಚೀಚೆ ನೋಡಬೇಕು.

ಎನ್ ಆದಮೇಲೆ ಏನಿದೆ ನೋಡು. ಉಗಾಂಡ ಆಗಿದ್ದರೆ ಡಿ ಬರಬೇಕಿತ್ತು, ಅಂದರೆ ನೇರ ಕಡ್ಡಿ ಮತ್ತು ಹೊಟ್ಟೆ. ಇಲ್ಲಿ ಇರುವುದು ಕವಲೊಡೆದ ಕೊಂಬೆಯಂಥ ಗುರುತು, ಅದು ವೈ. ಎಡಗಡೆಯೂ ನೋಡು. ಉಗಾಂಡದಲ್ಲಿ ಜಿ ಹಿಂದೆ ಒಂದೇ ಅಕ್ಷರ, ಆಮೇಲೆ ಖಾಲಿ. ಇಲ್ಲಿ ಮೂರು ಅಕ್ಷರದಷ್ಟು ದೂರದಲ್ಲೂ ಶಾಯಿಯ ಚೂರು ಇದೆ. ಟಾಂಗನಿಕಾದ ಮೊದಲ ಟಿ ಇರಬೇಕಾದ ಜಾಗ ಅದೇ.

ಇನ್ನು ಊರು. ಮೇಲೆ ಒ, ಎಸ್, ಎಚ್ ಓದಬಹುದು. ಎಸ್ ಸರಿಯಾಗಿ ಹನ್ನೆರಡು ಗಂಟೆಗೆ ನಿಂತಿದೆ. ಹೆಸರನ್ನು ನಡುವಿಗೆ ಬರುವ ಹಾಗೆ ಕೆತ್ತುತ್ತಾರೆ, ಆದ್ದರಿಂದ ಎಸ್ ಆಚೀಚೆ ಸಮ ಸಮ ಅಕ್ಷರ ಇರಬೇಕು. ಎಡಕ್ಕೆ ಒ ಮತ್ತು ಅಳಿಸಿದ ಒಂದು, ಬಲಕ್ಕೆ ಎಚ್ ಮತ್ತು ಸಣ್ಣ ಕಡ್ಡಿ. ಐದು ಅಕ್ಷರ: ಮೋಶಿ. ಕಿಲಿಮಂಜಾರೋ ಬುಡದ ಊರು, ಸುತ್ತ ಕಾಫಿ ಬೆಳೆಯುವ ಜಾಗ, ಆಗಿನ ಟಾಂಗನಿಕಾದಲ್ಲೇ ಇದ್ದದ್ದು. ಕೆಳಗಿನ ದೇಶಕ್ಕೂ ಮೇಲಿನ ಊರಿಗೂ ತಾಳೆ ಆಯಿತು. ತಾಳೆ ಆಗದಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ತಾರೀಖಿನಲ್ಲಿ ಮಾರ್ಚ್ ಸರಿಯಾಗಿದೆ, ಇಸವಿಯ ಕೊನೆಯ ಅಂಕಿ ಮುರಿದಿದೆ. ಐದೋ ಆರೋ? ರಾಣಿಯೂ ಅಣೆಕಟ್ಟೂ ಇರುವ ಈ ಸ್ಟ್ಯಾಂಪು ಅಲ್ಲಿ ಬಂದದ್ದೇ 1954ರಲ್ಲಿ, ಆದ್ದರಿಂದ ಎರಡೂ ಆಗಬಹುದು. ಇಲ್ಲಿ ಕವರಿನ ಹಿಂಬದಿ ಸಹಾಯಕ್ಕೆ ಬರುತ್ತದೆ. ಅಲ್ಲಿರುವ ಮಂಗಳೂರಿನ ಸೀಲಿನಲ್ಲಿ ಅದೇ ಮಾರ್ಚ್, 56 ಅಂತ ಸ್ಪಷ್ಟವಾಗಿದೆ. ಕಾಗದಕ್ಕೆ ಒಂದು ವರ್ಷ ಹಿಡಿಯುವುದಿಲ್ಲವಲ್ಲ, ಹಾಗಾಗಿ 1956. ಹಿಂದಿನ ಸೀಲು ಕಾಗದ ಬಂದು ತಲುಪಿದ ಗುರುತು, ಹಾಕಿದ ಊರಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ, ನಾನೂ ಒಮ್ಮೆ ಎಡವಿದ್ದೇನೆ.

ಒಂದು ಮಾತು. ದೊಡ್ಡಜ್ಜ ಮೋಶಿಯಲ್ಲೇ ಇದ್ದರು ಅಂತ ಸೀಲು ಹೇಳುವುದಿಲ್ಲ. ಕಾಗದ ಅಲ್ಲಿ ಅಂಚೆಗೆ ಬಿತ್ತು, ಅಷ್ಟೇ. ತೋಟದಿಂದ ಪೇಟೆಗೆ ಬಂದಾಗ ಹಾಕಿರಲೂಬಹುದು.

ಆಮೇಲೆ, ಸ್ಟ್ಯಾಂಪನ್ನು ನೀರಲ್ಲಿ ನೆನೆಸಿ ಕೀಳಬೇಡ ಮಾರಾಯಾ! ಅರ್ಧ ಸೀಲು ಸ್ಟ್ಯಾಂಪಿನ ಜೊತೆ ಹೋಗುತ್ತದೆ, ಉಳಿದರ್ಧ ಯಾವುದಕ್ಕೂ ಬರುವುದಿಲ್ಲ. ಪೆನ್ಸಿಲಿನಿಂದ ಅಕ್ಷರ ತಿದ್ದುವುದೂ ಬೇಡ. ಕವರನ್ನು ಕಿಟಕಿ ಹತ್ತಿರ ಇಟ್ಟು, ಬೆಳಕು ಪಕ್ಕದಿಂದ ಬೀಳುವ ಹಾಗೆ ಇನ್ನೊಂದು ಫೋಟೋ ತೆಗೆ. ಲೋಹದ ಸೀಲು ಒತ್ತಿದ ಕಡೆ ಕಾಗದ ಸ್ವಲ್ಪ ತಗ್ಗಿರಬಹುದು. ಶಾಯಿ ಹೋಗಿದ್ದರೂ ಆ ನೆರಳಲ್ಲಿ ಅಕ್ಷರ ಕಂಡರೆ, ಮೋಶಿಯ ಮೊದಲ ಎಮ್ ಸಿಗುತ್ತದಾ ನೋಡೋಣ. ಒಳಗೆ ಕಾಗದ ಇದ್ದರೆ ಅದರ ಮೇಲ್ತುದಿಯನ್ನೂ ಕಳಿಸು. ಅಲ್ಲಿ ಮನೆಮನೆಗೆ ಹಂಚುವ ಬದಲು ಪೋಸ್ಟ್ ಬಾಕ್ಸ್‌ಗೆ ಕಾಗದ ಬರುತ್ತಿತ್ತು. ದೊಡ್ಡಜ್ಜ ತಮ್ಮ ಬಾಕ್ಸ್ ನಂಬರು, ಊರು ಬರೆದಿರಬಹುದು.