ಪರದೆಯ ಮಿತಿ ಕುರಿತ ಕ್ಯಾರೊಸೆಲ್: ಸ್ಲೈಡಿನ ಮಾತು ಹೇಗಿರಬೇಕು?

ಕೇಳಿದವರು: ಐದು ವರ್ಷದೊಳಗಿನ ಮಕ್ಕಳ ಪೋಷಕರಿಗಾಗಿ ಇನ್‌ಸ್ಟಾಗ್ರಾಂ ಕ್ಯಾರೊಸೆಲ್ ಬರೆಯುತ್ತಿದ್ದೇನೆ, ಒಟ್ಟು ಎಂಟು ಸ್ಲೈಡ್. ಮೊದಲನೆಯದು, ‘ಮೊಬೈಲ್ ನಿಮ್ಮ ಮಗುವಿನ ಮಿದುಳನ್ನು ಹಾಳು ಮಾಡುತ್ತಿದೆಯೇ?’ ಮೂರನೆಯದು, ‘ದಿನಕ್ಕೆ 1 ಗಂಟೆ ಸಾಕು’. ಉಳಿದವು ಸಲಹೆಗಳು. ಓದಿದ ಇಬ್ಬರು ಗೆಳತಿಯರು ‘ಬೈಸಿಕೊಂಡ ಹಾಗಾಯಿತು’ ಎಂದರು. ಇಂಥದ್ದನ್ನು ಬರೆದವರು ಅನುಭವ ಹೇಳುವಿರಾ?

ಮಕ್ಕಳ ಆರೋಗ್ಯದ ಬಗ್ಗೆ ಬರೆಯುವವರು: ಮೊದಲು ಮೂರನೆಯ ಸ್ಲೈಡನ್ನು ಸರಿಪಡಿಸಿ. ಪೋಷಕರು ಎಂಟೂ ಸ್ಲೈಡುಗಳನ್ನು ಒಟ್ಟಿಗೆ ಹಂಚಿಕೊಳ್ಳುವುದು ಅಪರೂಪ. ತಮಗೆ ಬೇಕಾದ ಒಂದರ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ‘ದಿನಕ್ಕೆ 1 ಗಂಟೆ ಸಾಕು’ ಎಂಬುದು ಹಾಗೆ ಒಂಟಿಯಾಗಿ ಹತ್ತು ತಿಂಗಳ ಮಗುವಿನ ಮನೆಗೆ ಹೋದರೆ, ಆ ಮಗುವಿಗೂ ಒಂದು ಗಂಟೆ ತೋರಿಸಬಹುದು ಎಂದೇ ಅರ್ಥವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹಾಗೆ ಹೇಳುವುದಿಲ್ಲ. ಎರಡು ವರ್ಷ ತುಂಬುವವರೆಗೆ ಕುಳಿತು ಪರದೆ ನೋಡುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆ ಮೀರದಿರಲಿ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಅಲ್ಲಿನ ಮಾತು.

ಆದ್ದರಿಂದ ವಯಸ್ಸು ಮತ್ತು ಸಮಯ ಒಂದೇ ಸ್ಲೈಡಿನಲ್ಲಿ, ಒಂದೇ ವಾಕ್ಯದಲ್ಲಿ ಇರಲಿ. ‘ಸಾಕು’ ಎಂಬ ಪದವನ್ನೂ ತೆಗೆಯಿರಿ. ಅದನ್ನು ಓದಿದವರು ಗಂಟೆ ತುಂಬಿಸಬೇಕಾದ ಪಾಲು ಎಂದುಕೊಳ್ಳುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ:

‘2ರಿಂದ 4 ವರ್ಷದ ಮಗುವಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು.’

ಚಿಕ್ಕ ಮಕ್ಕಳಿಗೆ ಬೇರೆಯೇ ಒಂದು ಸ್ಲೈಡ್ ಕೊಡಿ. ಐದು ವರ್ಷ ತುಂಬಿದವರು ಈ ಮಾರ್ಗಸೂಚಿಯ ವ್ಯಾಪ್ತಿಗೆ ಬರುವುದಿಲ್ಲ, ಅವರನ್ನು ಎಳೆದು ತರಬೇಡಿ.

ಇಬ್ಬರು ಮಕ್ಕಳ ತಾಯಿ: ಎರಡು ವರ್ಷದೊಳಗೆ ಪರದೆ ಬೇಡವೆಂದರೆ ಬೇಡ. ವಿಡಿಯೊ ಕರೆಯೂ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. ಒಂದು ಕಡೆ ಸಡಿಲಿಸಿದರೆ ಎಲ್ಲ ಕಡೆಯೂ ಸಡಿಲವಾಗುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ನಡೆಸಿದ್ದೇವೆ.

ಮಕ್ಕಳ ಆರೋಗ್ಯದ ಬಗ್ಗೆ ಬರೆಯುವವರು: ವಯಸ್ಸಿನ ವಿಚಾರದಲ್ಲಿ ನಿಮ್ಮ ಮಾತು ಸರಿ, ಕರೆಯ ವಿಚಾರದಲ್ಲಿ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹದಿನೆಂಟು ತಿಂಗಳೊಳಗಿನವರಿಗೆ ಪರದೆ ಬೇಡ ಎಂದಾಗ ವಿಡಿಯೊ ಕರೆಯನ್ನು ಹೊರಗಿಟ್ಟಿತ್ತು. ದೂರದಲ್ಲಿರುವ ಅಜ್ಜಿಯ ಮುಖ ನೋಡಿ ನಗುವುದಕ್ಕೂ ಒಂಟಿಯಾಗಿ ಕಾರ್ಟೂನು ನೋಡುವುದಕ್ಕೂ ವ್ಯತ್ಯಾಸವಿದೆ, ಕರೆಯಲ್ಲಿ ಎದುರಿನವರು ಮಗುವಿಗೆ ಮರುನುಡಿಯುತ್ತಾರೆ. ನಿಮ್ಮ ಮನೆಯ ನಿಯಮ ನಿಮ್ಮದೇ, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಮಾರ್ಗಸೂಚಿಯ ಮಾತೆಂದು ಸ್ಲೈಡಿಗೆ ಏರಿಸಿದರೆ, ಮಗುವನ್ನು ಅಜ್ಜಿಯೊಂದಿಗೆ ಮಾತನಾಡಿಸಿದ ತಾಯಿ ಕಾರಣವಿಲ್ಲದೆ ಕೊರಗುತ್ತಾಳೆ.

ಮೂರು ವರ್ಷದ ಮಗುವಿನ ತಂದೆ: ನನ್ನ ಮಗಳು ಮೊಬೈಲ್ ಕಸಿದರೆ ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ. ಅವಳಿಗೆ ಎಷ್ಟು ನಿಮಿಷ ಕೊಡಬೇಕು? ಇನ್ನೆರಡು ನಿಮಿಷ ಎಂದು ಎಚ್ಚರಿಸಿ ನೋಡಿದೆ, ಅಳು ಇನ್ನಷ್ಟು ಬೇಗ ಶುರುವಾಗುತ್ತದೆ.

ಶಿಶುವಿಹಾರದ ಶಿಕ್ಷಕಿ: ಇಲ್ಲಿ ಕೇಳಿರುವುದು ಸ್ಲೈಡಿನ ಬರಹದ ಬಗ್ಗೆ, ಸರ್. ಆದರೂ ನಿಮ್ಮ ಮಾತಿನಿಂದ ಅವರಿಗೇ ಲಾಭವಾಗುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪುಟ್ಟ ಮಕ್ಕಳ ಮನೆಗಳಲ್ಲಿ ಪರದೆ ಆರಿಸುವ ಹೊತ್ತನ್ನೇ ಗಮನಿಸಿದರು. ಸಣ್ಣ ಅಧ್ಯಯನ ಅದು. ಎರಡು ನಿಮಿಷದ ಎಚ್ಚರಿಕೆ ಕೊಟ್ಟಾಗ ಮಕ್ಕಳು ಹೆಚ್ಚು ಮುನಿಸಿಕೊಂಡಿದ್ದರು. ಕಂತು ತಾನಾಗಿ ಮುಗಿದಾಗ ಅಥವಾ ಮಾಡಲು ಬೇರೆ ಏನಾದರೂ ಸಿದ್ಧವಿದ್ದಾಗ ಸುಲಭವಾಗಿ ಬಿಟ್ಟಿದ್ದರು. ಎಲ್ಲ ಮಕ್ಕಳೂ ಹೀಗೆಯೇ ಎನ್ನಲಾರೆ. ನನ್ನ ತರಗತಿಯಲ್ಲಿ ಕೆಲವರಿಗೆ ಮುಂಚೆ ಹೇಳದಿದ್ದರೆ ಆಗುವುದೇ ಇಲ್ಲ. ನೀವು ಒಂದು ಕಂತು ಮುಗಿಯುವ ಜಾಗದಲ್ಲಿ ನಿಲ್ಲಿಸಿ ನೋಡಿ. ಮುಂದಿನ ವಿಡಿಯೊ ತಾನಾಗಿ ಓಡುವ ಆಯ್ಕೆಯನ್ನು ಮೊದಲೇ ಆಫ್ ಮಾಡಿರಬೇಕು, ಇಲ್ಲವಾದರೆ ಮುಗಿಯುವ ಜಾಗವೇ ಸಿಗುವುದಿಲ್ಲ.

ಕೇಳಿದವರಿಗೆ ಒಂದು ಮಾತು. ನಿಮ್ಮ ಎಂಟು ಸ್ಲೈಡಿನಲ್ಲಿ ‘ಎಷ್ಟು’ ಇದೆ, ‘ಹೇಗೆ ನಿಲ್ಲಿಸುವುದು’ ಇಲ್ಲ. ಪೋಷಕರು ನನ್ನ ಬಳಿ ಕೇಳುವುದು ಎರಡನೆಯದನ್ನೇ. ನಾಲ್ಕನೆಯ ಸ್ಲೈಡಿಗೆ ಇದನ್ನು ನೋಡಿ:

‘ಮುಂದಿನ ವಿಡಿಯೊ ತಾನಾಗಿ ಶುರುವಾಗದಂತೆ ಮಾಡಿ. ಈ ಕಂತು ಮುಗಿದೊಡನೆ ಏನು ಮಾಡುತ್ತೀರಿ ಎಂದು ಮೊದಲೇ ಹೇಳಿ: ಸ್ನಾನ, ಬಣ್ಣದ ಪೆನ್ಸಿಲ್, ಹೊರಗೆ ಒಂದು ಸುತ್ತು.’

ವಿನ್ಯಾಸಕಾರ: ಈ ಸ್ಲೈಡ್ ಓದಲು ಚೆನ್ನಾಗಿದೆ, ಹಾಗೆಯೇ ಇಟ್ಟರೆ ಮೊಬೈಲಿನಲ್ಲಿ ತುಂಬಿಹೋಗುತ್ತದೆ. ಎರಡಾಗಿ ಒಡೆಯಿರಿ: ವಿಡಿಯೊ ಮಾತು ಒಂದರಲ್ಲಿ, ಮುಂದಿನ ಕೆಲಸದ ಮಾತು ಇನ್ನೊಂದರಲ್ಲಿ. 1080 ಅಗಲ, 1350 ಎತ್ತರದ ಸ್ಲೈಡಿನಲ್ಲಿ ನಾನು ಹದಿನೈದು ಪದ ದಾಟುವುದಿಲ್ಲ. ಕನ್ನಡದಲ್ಲಿ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮಗುವನ್ನು ಎತ್ತಿಕೊಂಡು ಒಂದು ಕೈಯಲ್ಲಿ ಓದುವವರಿಗೆ ಅಕ್ಷರ ಕೂಡಿಕೊಂಡರೆ ಮುಗಿಯಿತು. ಚಿತ್ರದೊಳಗಿನ ಬರಹವನ್ನು ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಹಲವು ಬಾರಿ ಹಿಡಿಯುವುದಿಲ್ಲವಾದ್ದರಿಂದ ಕೆಳಗಿನ ವಿವರಣೆಯಲ್ಲೂ ಅದನ್ನೇ ಹಾಕಿ. ಯಾವ ಸಂಸ್ಥೆ, ಯಾವ ವರ್ಷ ಎಂಬುದನ್ನು ಸಂಖ್ಯೆಯಿರುವ ಸ್ಲೈಡಿನ ಕೆಳಗೇ ಸಣ್ಣದಾಗಿ ಬರೆಯಿರಿ. ಕೊನೆಯ ಸ್ಲೈಡಿನಲ್ಲಿಟ್ಟರೆ ಸ್ಕ್ರೀನ್‌ಶಾಟಿನ ಜೊತೆ ಅದು ಹೋಗುವುದಿಲ್ಲ.

ಕೇಳಿದವರು: ಮೂರನೆಯದನ್ನು ಬದಲಿಸಿದೆ, ನಾಲ್ಕನೆಯದನ್ನು ಎರಡು ಮಾಡಿದೆ. ಹಾಗಾದರೆ ಮೊದಲನೆಯದು? ‘ಮಿದುಳು’ ತೆಗೆದರೆ ಯಾರಾದರೂ ನಿಲ್ಲುತ್ತಾರೆಯೇ ಎಂಬ ಭಯ.

ವಿನ್ಯಾಸಕಾರ: ತೆಗೆಯಬೇಡಿ ಎನ್ನುತ್ತೇನೆ. ಬೆರಳು ಮೇಲಕ್ಕೆ ಸರಿಸುತ್ತಿರುವವರನ್ನು ನಿಲ್ಲಿಸಲು ಒಂದು ತಟ್ಟು ಬೇಕು. ಮುಂದಿನ ಸ್ಲೈಡುಗಳು ಮೃದುವಾಗಿದ್ದರೆ ಸಾಕು.

ಮಕ್ಕಳ ಆರೋಗ್ಯದ ಬಗ್ಗೆ ಬರೆಯುವವರು: ಒಪ್ಪುವುದಿಲ್ಲ. ‘ಹಾಳು ಮಾಡುತ್ತಿದೆ’ ಎಂಬುದಕ್ಕೆ ಆಧಾರ ಬೇಕು. ಮಾರ್ಗಸೂಚಿ ಹೇಳುವುದು ಪರದೆಯ ಮುಂದೆ ಕುಳಿತ ಹೊತ್ತಿನಲ್ಲಿ ನಿದ್ದೆ, ಓಡಾಟ, ಮಾತು ಕಡಿಮೆಯಾಗುತ್ತದೆ ಎಂಬ ಕಾಳಜಿಯನ್ನು. ಮೂರು–ನಾಲ್ಕು ವರ್ಷದ ಮಗುವಿಗೆ ಅದು 10ರಿಂದ 13 ಗಂಟೆ ನಿದ್ದೆಯನ್ನೂ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟವನ್ನೂ ಒಟ್ಟಿಗೆ ಕೇಳುತ್ತದೆ. ಹೆದರಿಸಿದರೆ ನಿಲ್ಲುವವರಿದ್ದಾರೆ, ನಿಮ್ಮ ಗೆಳತಿಯರಂತೆ ಮುಚ್ಚಿಟ್ಟು ಹೋಗುವವರೂ ಇದ್ದಾರೆ, ಮತ್ತು ಇವರಿಗೇ ಸಹಾಯ ಬೇಕಿರುವುದು. ನನ್ನ ಆಯ್ಕೆ: ‘ಮೊಬೈಲ್ ಆರಿಸಿದರೆ ಮಗು ಅಳುತ್ತದೆಯೇ? ಅಳು ಕಡಿಮೆಯಾಗುವಂತೆ ನಿಲ್ಲಿಸುವ ದಾರಿಗಳಿವೆ.’ ಅಳುವೇ ಇರುವುದಿಲ್ಲ ಎಂದು ಮಾತ್ರ ಬರೆಯಬೇಡಿ.

ಮೂರು ವರ್ಷದ ಮಗುವಿನ ತಂದೆ: ನಾನು ಎರಡನೆಯದಕ್ಕೇ ನಿಲ್ಲುತ್ತೇನೆ. ಮಿದುಳಿನ ಮಾತಿದ್ದರೆ ಹೆಂಡತಿಗೆ ಕಳುಹಿಸುವುದಕ್ಕೂ ಮನಸ್ಸಾಗುವುದಿಲ್ಲ, ನನ್ನನ್ನೇ ದೂರಿದಂತೆ ಕೇಳಿಸುತ್ತದೆ.

ಇಬ್ಬರು ಮಕ್ಕಳ ತಾಯಿ: ನನಗೆ ಮೊದಲನೆಯದೇ ಕೆಲಸ ಮಾಡಿದ್ದು. ಹೆದರಿಕೆಯಿಂದಲೇ ನಾನು ಮೊಬೈಲ್ ಎತ್ತಿಟ್ಟೆ.

ಕೇಳಿದವರು: ಎರಡನ್ನೂ ಬೇರೆ ಬೇರೆ ದಿನ ಹಾಕಿ, ಎಷ್ಟು ಜನ ಉಳಿಸಿಕೊಂಡರು, ಎಷ್ಟು ಜನ ಹಂಚಿದರು ಎಂದು ನೋಡುತ್ತೇನೆ. ‘ಹಾಳು’ ಎಂಬ ಪದವನ್ನು ಮಾತ್ರ ಎರಡರಲ್ಲೂ ಬಳಸುವುದಿಲ್ಲ.