ದಟ್ಟಗಳ್ಳಿ ಮೂಲೆಯೋ, ಬೋಗಾದಿ ಮೇನ್ ರೋಡೋ?

ಮಂಜು: [ಎರಡು ಫೋಟೊ]
ನೋಡಿ ಹೇಳಿ ಎಲ್ಲರೂ. ಮೊದಲನೇದು ಮೈಸೂರು ಬೋಗಾದಿ ರಸ್ತೆ, ಬಸ್ ಸ್ಟಾಪ್ ಪಕ್ಕ. ಬಾಡಿಗೆ 22,000, ಅಡ್ವಾನ್ಸ್ 2.2 ಲಕ್ಷ. ಎರಡನೇದು ದಟ್ಟಗಳ್ಳಿ ಒಳಗೆ, ಕ್ರಾಸ್ ಮೂಲೆ. ಬಾಡಿಗೆ 9,000, ಅಡ್ವಾನ್ಸ್ 90,000. ದಿನಸಿ ಅಂಗಡಿಗೆ ನನ್ನ ಮನಸ್ಸು ಮೇನ್ ರೋಡ್ ಕಡೆಗೇ ಇದೆ. ಅಷ್ಟು ಜನ ಓಡಾಡ್ತಾರೆ ಅಲ್ಲಿ.

ಗಿರಿಜತ್ತೆ: ಅದನ್ನೇ ಹಿಡಿ ಮಂಜು. ಒಳಗಡೆ ಮೂಲೇಲಿ ಹಾಕಿದ್ರೆ ಯಾರ ಕಣ್ಣಿಗೆ ಬೀಳುತ್ತೆ?

ರವಿ ಭಾವ: ಮಂಜು, ಆ ಬಸ್ ಸ್ಟಾಪ್ ಊರೊಳಗೆ ಹೋಗೋ ಬಸ್ಸಿಂದೋ, ಊರಿಂದ ವಾಪಸ್ ಬರೋ ಬಸ್ಸಿಂದೋ?

ಮಂಜು: ಊರೊಳಗೆ ಹೋಗೋದು ಭಾವ. ಯಾಕೆ?

ರವಿ ಭಾವ: ಅಲ್ಲೇ ಇರೋದು ವಿಷಯ. ಬೆಳಗ್ಗೆ ಆಫೀಸಿಗೆ, ಕಾಲೇಜಿಗೆ ಹೊರಟವರು ಆ ಕಡೆ ನಿಲ್ತಾರೆ. ಅವರು ಕೈಯಲ್ಲಿ ಎರಡು ಕೆಜಿ ಸಕ್ಕರೆ ಹಿಡ್ಕೊಂಡು ಬಸ್ ಹತ್ತಲ್ಲ. ಸಂಜೆ ಮನೆಗೆ ಬರೋರು ಎದುರುಗಡೆ ಇಳೀತಾರೆ. ಬೈಕಲ್ಲಿ ಬರೋರೂ ಅಷ್ಟೇ, ತಮ್ಮ ಎಡಕ್ಕಿರೋ ಅಂಗಡಿ ಮುಂದೆ ನಿಲ್ಲಿಸ್ತಾರೆ. ಫೋಟೊದಲ್ಲಿ ನಡುವೆ ಡಿವೈಡರ್ ಕಾಣ್ತಿದೆ. ಅರ್ಧ ಲೀಟರ್ ಎಣ್ಣೆಗೋಸ್ಕರ ಮುಂದೆ ಹೋಗಿ ಯೂಟರ್ನ್ ಹೊಡ್ಕೊಂಡು ಯಾರೂ ಬರಲ್ಲ. ದಿನಸಿಗೆ ಬೇಕಾಗಿರೋದು ಮನೆ ಕಡೆ ಹೋಗೋ ದಾರಿಯ ಎಡಗಡೆ.

ಗಿರಿಜತ್ತೆ: ಬಸ್ಸಿಗೆ ಕಾಯೋರು ಬಿಸ್ಕತ್ತು, ನೀರಿನ ಬಾಟಲ್ಲು ತಗೊಳ್ಳಲ್ವಾ ರವಿಯವರೇ? ಅದೂ ವ್ಯಾಪಾರಾನೇ ತಾನೇ.

ರವಿ ಭಾವ: ತಗೋತಾರೆ ಅತ್ತೆ. ಆದ್ರೆ ಅದು ಪೆಟ್ಟಿಗೆ ಅಂಗಡಿ ವ್ಯಾಪಾರ. ಅದಕ್ಕೆ ಅಕ್ಕಿ ಮೂಟೆ ಇಡೋಷ್ಟು ಜಾಗ ಬೇಡ, 22,000 ಬಾಡಿಗೇನೂ ಬೇಡ.

ಸುಮಕ್ಕ: ಜನ ಎಣಿಸೋದು ಬಿಡು ಮಂಜು, ಬಿಲ್ ಎಣಿಸು. ಅಲ್ಲೇ ಪಕ್ಕ ಒಂದು ಸಣ್ಣ ಅಂಗಡಿ ಇದೆ ಅಂದಿದ್ದೆ. ಸಂಜೆ ಆರೂವರೆಯಿಂದ ಅರ್ಧ ಗಂಟೆ ಎದುರು ನಿಂತು ಎಷ್ಟು ಜನ ಕವರ್ ಹಿಡ್ಕೊಂಡು ಹೊರಗೆ ಬರ್ತಾರೆ ನೋಡು. ಮಧ್ಯಾಹ್ನ ಹನ್ನೊಂದಕ್ಕೂ ಅರ್ಧ ಗಂಟೆ, ಬೆಳಗ್ಗೆ ಏಳಕ್ಕೂ ಅರ್ಧ ಗಂಟೆ. ಒಂದು ವಾರದ ದಿನ, ಒಂದು ಭಾನುವಾರ. ತಿಂಗಳ ಮೊದಲ ವಾರದಲ್ಲಿ ಒಂದ್ಸಲ, ಇಪ್ಪತ್ತನೇ ತಾರೀಖಿನ ಮೇಲೆ ಇನ್ನೊಂದ್ಸಲ. ಸಂಬಳದ ವಾರ ಮಾತ್ರ ನೋಡಿದ್ರೆ ಲೆಕ್ಕ ಉಬ್ಬಿ ಬರುತ್ತೆ.

ಮಂಜು: ಎಣಿಸಿದೀನಿ ಅಕ್ಕ, ಎಲ್ಲಾ ಹೊತ್ತೂ ಸೇರಿ ದಿನಕ್ಕೆ ಸುಮಾರು 120 ಬಿಲ್ ಆಗುತ್ತೆ ಅವರದ್ದು. ಬಿಲ್ಲಿಗೆ 70 ರೂಪಾಯಿ ಅಂತ ಹಿಡಿದಿದೀನಿ.

ಸುಮಕ್ಕ: ಹಾಗಾದ್ರೆ ಅದನ್ನೇ ನಿನಗೂ ಹಿಡಿಯೋಣ. ದಿನಕ್ಕೆ 8,400, ತಿಂಗಳಿಗೆ 2,52,000. ಅಕ್ಕಿ, ಸಕ್ಕರೆ, ಎಣ್ಣೇಲಿ ಉಳಿಯೋದು ಕಮ್ಮಿ, ಬಿಡಿ ಮಸಾಲೆ ಸಾಮಾನಲ್ಲಿ ಜಾಸ್ತಿ. ಎಲ್ಲಾ ಸೇರಿ ನೂರಕ್ಕೆ ಹತ್ತು ಅಂತ ಇಟ್ಕೋ. 25,200 ಆಯ್ತು. ಬಾಡಿಗೆ 22,000 ಕೊಟ್ರೆ 3,200 ಉಳೀತು. ಫ್ರಿಡ್ಜು, ಲೈಟು, ಕವರು ಸೇರಿ 3,500 ಖರ್ಚು. ನಿನ್ನ ದುಡಿಮೆಗೆ ಸೊನ್ನೆ, ಮೇಲೆ ಕೈಯಿಂದ ಮುನ್ನೂರು.

ಮಂಜು: ನನ್ನ ವ್ಯಾಪಾರ ಅವರಿಗಿಂತ ಜಾಸ್ತಿ ಆಗಬಾರದಾ ಅಕ್ಕ?

ಸುಮಕ್ಕ: ಆಗಲಿ. ನಿನಗೆ 17,500 ಉಳೀಬೇಕು ಅಂದ್ರೆ ತಿಂಗಳಿಗೆ 4.3 ಲಕ್ಷ ವ್ಯಾಪಾರ ಬೇಕು. ದಿನಕ್ಕೆ 205 ಬಿಲ್. ಬೇರೂರಿರೋ ಅಂಗಡೀಗೇ 120. ಆ 85 ಬಿಲ್ ಎಲ್ಲಿಂದ ಬರುತ್ತೆ ಹೇಳು. ಅಲ್ಲಿಂದ ಐದು ನಿಮಿಷದ ದಾರೀಲಿ ದೊಡ್ಡ ಸೂಪರ್ ಮಾರ್ಕೆಟ್ ಬೇರೆ ಇದೆ. ತಿಂಗಳ ರೇಷನ್ ಅಲ್ಲಿಗೆ ಹೋಗುತ್ತೆ, ನಿನಗೆ ಬರೋದು ಮರೆತು ಬಿಟ್ಟಿದ್ದು ಮಾತ್ರ.

ಗಿರಿಜತ್ತೆ: ಸರಿ, ದಟ್ಟಗಳ್ಳೀಲಿ ಏನು ಕಮ್ಮಿ ಪೈಪೋಟೀನಾ? ನೂರಿಪ್ಪತ್ತು ಮೀಟರಲ್ಲಿ ಹಳೇ ಅಂಗಡಿ ಇದೆ ಅಂತ ಮಂಜುನೇ ಹೇಳಿದ್ದು.

ಶಿವಣ್ಣ ಚಿಕ್ಕಪ್ಪ: ಬಟ್ಟೆ ಅಂಗಡಿ, ಚಿನ್ನದ ಅಂಗಡಿ ಸಾಲಾಗಿದ್ರೆ ಎಲ್ಲರಿಗೂ ಒಳ್ಳೇದು, ಜನ ನೋಡಿ ಹೋಲಿಸಿ ತಗೋತಾರೆ. ದಿನಸೀಗೆ ಹಾಗಲ್ಲ ಗಿರಿಜಾ. ಹತ್ತಿರದ್ದು, ಪರಿಚಯದ್ದು, ಅಷ್ಟೇ. ಅದಕ್ಕೆ ಅಂಗಡಿ ಎಷ್ಟಿದೆ ಅನ್ನೋದಕ್ಕಿಂತ ಒಂದೊಂದು ಅಂಗಡಿಗೆ ಎಷ್ಟು ಮನೆ ಬರುತ್ತೆ ನೋಡಬೇಕು. ಮಂಜು, ಆ ಮೂಲೆಯಿಂದ ನಾಲ್ಕೂ ದಿಕ್ಕಿಗೆ ಐದು ನಿಮಿಷ ನಡೆದು ಮನೆ ಎಣಿಸು. ಮಹಡಿ ಮನೆ ಇದ್ರೆ ಕರೆಂಟ್ ಮೀಟರ್ ಬೋರ್ಡ್ ನೋಡು, ಎಷ್ಟು ಮೀಟರೋ ಅಷ್ಟು ಸಂಸಾರ.

ಮಂಜು: ಸುಮಾರು 260 ಮನೆ ಇದೆ ಚಿಕ್ಕಪ್ಪ. ಹಳೇ ಅಂಗಡಿ ಒಂದೇ. ಮಧ್ಯಾಹ್ನ ಒಂದೂವರೆಯಿಂದ ಐದರವರೆಗೆ ಶಟರ್ ಎಳೀತಾರೆ. ನಮ್ಮ ಮಳಿಗೆ ಪಕ್ಕದ್ದು ಹಿಟ್ಟಿನ ಗಿರಣಿ.

ಶಿವಣ್ಣ ಚಿಕ್ಕಪ್ಪ: ಗಿರಣಿ ಪಕ್ಕ ಇರೋದನ್ನ ಈಗ ಹೇಳ್ತೀಯಲ್ಲಪ್ಪ! ರಾಗಿ ಡಬ್ಬ ಇಟ್ಟು ಹತ್ತು ನಿಮಿಷ ಕಾಯೋ ಹೆಂಗಸರು, ಗಂಡಸರು ಎಲ್ಲಾ ನಿನ್ನ ಅಂಗಡಿ ಕಟ್ಟೆ ಮೇಲೇ ನಿಲ್ತಾರೆ. ರಾಗಿ, ಗೋಧಿ, ಕಡ್ಲೆಬೇಳೆ, ಖಾರದ ಪುಡಿಗೆ ಒಣಮೆಣಸಿನಕಾಯಿ, ಧನಿಯ ಮುಂದಗಡೇನೇ ಇಡು. ಬಿಡಿ ಸಾಮಾನಲ್ಲೇ ಸ್ವಲ್ಪ ಲಾಭ ಇರೋದು.

ಸುಮಕ್ಕ: 260ರಲ್ಲಿ 70 ಮನೆ ತಿಂಗಳಿಗೆ ಮೂರು ಸಾವಿರದ ಸಾಮಾನು ನಿನ್ನ ಹತ್ರ ತಗೊಂಡ್ರೆ 2.1 ಲಕ್ಷ. ಮೊಸರು, ಬ್ರೆಡ್ಡು, ಸೋಪು ಅಂತ ಬಿಡಿ ವ್ಯಾಪಾರ ದಿನಕ್ಕೆ 3,000. ಒಟ್ಟು ಮೂರು ಲಕ್ಷ. ಅದೇ ನೂರಕ್ಕೆ ಹತ್ತು, 30,000. ಬಾಡಿಗೆ 9,000, ಇತರೆ 3,500 ಕಳೆದ್ರೆ 17,500.

ಗಿರಿಜತ್ತೆ: 70 ಮನೆ ಬರುತ್ತೆ ಅಂತ ಯಾರು ಬರ್ಕೊಟ್ಟಿದಾರೆ ಸುಮಾ? ಈಗಿನ ಹುಡುಗ್ರು ಮೊಬೈಲ್ ಒತ್ತಿದ್ರೆ ಹತ್ತು ನಿಮಿಷಕ್ಕೆ ಮನೆಗೇ ಬರುತ್ತೆ.

ರವಿ ಭಾವ: ಅತ್ತೆ ಹೇಳೋದು ಸರಿಯಿದೆ, ಅದನ್ನೂ ಎಣಿಸಬೇಕು. ಸಂಜೆ ಏಳರಿಂದ ಎಂಟು ಆ ಕ್ರಾಸಲ್ಲಿ ನಿಂತು ಡೆಲಿವರಿ ಬೈಕ್ ಎಷ್ಟು ಬರ್ತವೆ, ಯಾವ ಮನೆ ಮುಂದೆ ನಿಲ್ತವೆ ನೋಡು. ಬಾಡಿಗೆ ಅಪಾರ್ಟ್‌ಮೆಂಟ್ ಜಾಸ್ತಿ ಇರೋ ಕಡೆ ಬೈಕೂ ಜಾಸ್ತಿ. ಸ್ವಂತ ಮನೆ, ವಯಸ್ಸಾದೋರು ಇರೋ ಕಡೆ ಅಂಗಡಿಗೇ ಬರ್ತಾರೆ.

ಸುಮಕ್ಕ: ಅತ್ತೆ, 40 ಮನೇನೇ ಬಂದ್ರೂ, ಬಿಡಿ ವ್ಯಾಪಾರ ಎರಡು ಸಾವಿರಕ್ಕೆ ಇಳಿದ್ರೂ 1.8 ಲಕ್ಷ. ಖರ್ಚೆಲ್ಲಾ ಕಳೆದು 5,500 ಉಳಿಯುತ್ತೆ. ಸಂಸಾರಕ್ಕೆ ಸಾಲಲ್ಲ, ಒಪ್ತೀನಿ. ಆದ್ರೆ ಬಂಡವಾಳ ಕರಗಲ್ಲ. ಮೇನ್ ರೋಡಲ್ಲಿ ಅಂದುಕೊಂಡಿದ್ದಕ್ಕಿಂತ ಒಂದು ಬಿಲ್ ಕಮ್ಮಿಯಾದ್ರೂ ಬಾಡಿಗೇನ ಮಾಲಿನ ದುಡ್ಡಲ್ಲಿ ಕಟ್ಟಬೇಕು. ಆಮೇಲೆ ರ‍್ಯಾಕ್ ಖಾಲಿ ಕಾಣುತ್ತೆ, ಕೇಳಿದ್ದು ಇಲ್ಲ ಅಂದ್ರೆ ಗಿರಾಕಿ ಮತ್ತೆ ಬರಲ್ಲ.

ಶಿವಣ್ಣ ಚಿಕ್ಕಪ್ಪ: ಒಳಗಡೆ ಅಂದ್ರೆ ಉದ್ರಿ ಇದ್ದೇ ಇರುತ್ತೆ, ಅದನ್ನ ಲೆಕ್ಕದಲ್ಲಿ ಇಟ್ಟಿಲ್ಲ ನೀವು. ಹಳೇ ಅಂಗಡಿಯವರು ಪುಸ್ತಕ ಬರೀತಾರಾ ಮಂಜು? ಅವರು ಬರ್ಕೊಂಡು ನೀನು ನಗದು ಅಂದ್ರೆ ತಿಂಗಳ ಸಾಮಾನು ಅಲ್ಲೇ ಹೋಗುತ್ತೆ. 70 ಮನೇಲಿ ಅರ್ಧದಷ್ಟು ತಿಂಗಳ ಲೆಕ್ಕ ಅಂದ್ರೆ ಒಂದು ಲಕ್ಷ ಹೊರಗಡೆ ನಿಂತಿರುತ್ತೆ.

ರವಿ ಭಾವ: ಅಡ್ವಾನ್ಸಲ್ಲಿ ಉಳಿಯೋ 1.3 ಲಕ್ಷ ಅದಕ್ಕೇ ಇಟ್ಕೋಬೇಕು ಚಿಕ್ಕಪ್ಪ. ಇಂಟೀರಿಯರ್‌ಗೆ ಹಾಕಬಾರದು.

ಮಂಜು: ಪುಸ್ತಕ ಬರೀತಾರೆ. ಗಲ್ಲಾ ಪಕ್ಕ ದಾರ ಕಟ್ಟಿರೋ ನೋಟ್‌ಬುಕ್ ಸಾಲಾಗಿ ನೇತಾಡ್ತಿತ್ತು.

ಗಿರಿಜತ್ತೆ: ನಾನಂತೂ ಇನ್ನೂ ಒಪ್ಪಿಲ್ಲ. ಬೋಗಾದಿ ರಸ್ತೇಲಿ ಮನೆ ಕಡೆ ಹೋಗೋ ಬದೀಲಿ ಸಣ್ಣದೊಂದು ಮಳಿಗೆ ಸಿಗುತ್ತಾ ಅಂತಾದ್ರೂ ನೋಡಿ ಆಮೇಲೆ ಅಡ್ವಾನ್ಸ್ ಕೊಡು.

ಸುಮಕ್ಕ: ಅದು ನ್ಯಾಯ. ಆ ಕಡೆ 12,000 ಒಳಗೆ ಸಿಕ್ಕಿದ್ರೆ ಮತ್ತೆ ಲೆಕ್ಕ ಹಾಕೋಣ. ಅಷ್ಟರಲ್ಲಿ ದಟ್ಟಗಳ್ಳಿ ಓನರ್ ಹತ್ರ ಮೂರು ವಿಷಯ ಕೇಳು. ವರ್ಷಕ್ಕೆ ಬಾಡಿಗೆ ಎಷ್ಟು ಏರಿಸ್ತಾರೆ, ಹನ್ನೊಂದು ತಿಂಗಳಾದ ಮೇಲೆ ಅಗ್ರಿಮೆಂಟ್ ನವೀಕರಿಸ್ತಾರಾ, ಅದೇ ಬಿಲ್ಡಿಂಗಲ್ಲಿ ಇನ್ನೊಂದು ದಿನಸಿಗೆ ಕೊಡಲ್ಲ ಅಂತ ಬರ್ಕೊಡ್ತಾರಾ. ಕರೆಂಟ್ ಮೀಟರ್ ಮನೇದಾ, ಕಮರ್ಷಿಯಲ್ಲಾ ಅದನ್ನೂ ನೋಡು. ಮನೆ ಮೀಟರಲ್ಲಿ ಅಂಗಡಿ ನಡೆಸಿ ಚೆಸ್ಕಾಂನವರ ಕೈಗೆ ಸಿಕ್ಕಿದ್ರೆ ದಂಡ ಬೀಳುತ್ತೆ.

ಮಂಜು: ಮೀಟರ್ ಮೆಟ್ಟಿಲ ಕೆಳಗಿದೆ ಅಕ್ಕ, ಮನೇದೂ ಅಂಗಡೀದೂ ಒಂದೇ ಬೋರ್ಡಲ್ಲಿ.

ಸುಮಕ್ಕ: ಹಾಗಿದ್ರೆ ಅಂಗಡೀದು ಯಾವುದು ಅಂತ ಓನರನ್ನ ಕೇಳಿ, ಅದರ ಹಿಂದಿನ ತಿಂಗಳ ಬಿಲ್ಲಿನ ಫೋಟೊ ಇಲ್ಲಿ ಹಾಕು. ಆರ್‌ಆರ್ ನಂಬರು, ಟ್ಯಾರಿಫ್ ಎರಡೂ ಕಾಣೋ ಹಾಗೆ.